ಷರತ್ತಮ್ಮ ಓದದೆ ಒತ್ತಿದ ದಿನ

ನಮ್ಮ ಬೀದಿಯಲ್ಲಿ ಮೊಬೈಲಿಗೆ ರೀಚಾರ್ಜ್ ಮಾಡಿಸುವುದೆಂದರೆ ಹೆಣ್ಣು ನೋಡಿ ಮದುವೆ ನಿಶ್ಚಯ ಮಾಡಿದಷ್ಟು ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಕಾರಣ ಒಬ್ಬಳೇ, ಷರತ್ತಮ್ಮ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಷರತ್ತಮ್ಮ ಎಂದರೆ ಮಾತ್ರ ಹಸುಗೂಸು ಕೂಡ ದರ್ಜಿಯ ಅಂಗಡಿಗೂ ಬೀಗ ರಿಪೇರಿಯವನ ಡಬ್ಬಕ್ಕೂ ನಡುವೆ ಸಿಕ್ಕಿಕೊಂಡಿದ್ದ ಆ ಗೂಡಿನತ್ತ ಕೈ ತೋರಿಸುತ್ತಿತ್ತು. ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಅಗಲದ ಅಂಗಡಿ. ಗೋಡೆಯ ತುಂಬ ಫೋನಿನ ಕವಚಗಳು, ಚಾರ್ಜರಿನ ದಾರಗಳು, ಗಾಜು ಒಡೆಯದಂತೆ ಅಂಟಿಸುವ ಹಾಳೆಗಳು. ನಡುವೆ ಒಂದು ಕೌಂಟರು, ಕೌಂಟರಿನ ಹಿಂದೆ ಆಕೆಯ ಸಿಂಹಾಸನ. ಸಿಂಹಾಸನವೆಂದರೆ ಒಂದು ಕಾಲಿಗೆ ರಟ್ಟು ಸಿಕ್ಕಿಸಿದ ಪ್ಲಾಸ್ಟಿಕ್ ಕುರ್ಚಿ.

ಅಲ್ಲಿಗೆ ಬರುವ ಮೊದಲು ಹದಿನೇಳು ವರ್ಷ ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಒಮ್ಮೆ ಒಬ್ಬ ಮುದುಕಪ್ಪ ಮೂರು ದಿನದ ಮಾತ್ರೆಯನ್ನು ಒಂದೇ ಗುಟುಕಿಗೆ ನುಂಗಿ, ಎರಡು ದಿನ ನಿದ್ದೆ ಹೊಡೆದು, ಎದ್ದು ಬಂದು, "ಒಳ್ಳೇ ಔಷಧಿ ಕಣಮ್ಮ, ಇನ್ನೊಂದು ಪಟ್ಟಿ ಕೊಡು" ಎಂದಿದ್ದ. ಅವತ್ತೇ ಆಕೆ ಪ್ರತಿಜ್ಞೆ ಮಾಡಿದಳು: ತನ್ನ ಕೈಯಿಂದ ಹೋಗುವ ಯಾವ ಪದಾರ್ಥವೂ ಓದಿ ಹೇಳದೆ ಹೋಗಕೂಡದು. ಔಷಧಿ ಅಂಗಡಿ ಮುಚ್ಚಿತು. ಪ್ರತಿಜ್ಞೆ ಮುಚ್ಚಲಿಲ್ಲ. ರೀಚಾರ್ಜ್ ಅಂಗಡಿ ಇಟ್ಟ ಮೇಲೂ ಆಕೆ ಪ್ರತಿ ಗಿರಾಕಿಗೂ ಪರದೆಯನ್ನು ತಿರುಗಿಸಿ, ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು. ಒಟ್ಟು ಎಷ್ಟು ಡೇಟಾ, ಎಷ್ಟು ದಿನ ಬಾಳಿಕೆ, ದಿನಕ್ಕೆ ಎಷ್ಟು ಮಿತಿ, ಮಿತಿ ಮೀರಿದರೆ ಏನು ಗತಿ. ಕೊನೆಗೆ "ಷರತ್ತುಗಳು ಅನ್ವಯ" ಎಂಬುದನ್ನು ನ್ಯಾಯಾಧೀಶರು ತೀರ್ಪು ಓದುವಂತೆ ಓದಿ, ಕನ್ನಡಕ ಇಳಿಸಿ, "ಈಗ ಹೇಳಿ, ಹಾಕ್ಲಾ?" ಎನ್ನುತ್ತಿದ್ದಳು. ಬಸ್ಸು ತಪ್ಪಿಸಿಕೊಂಡವರೂ ಇದ್ದರು, ಮೋಸ ಹೋಗದೆ ಉಳಿದವರೂ ಇದ್ದರು.

ಈ ಓದಿಗೆ ತಲೆಬಾಗದವರೆಂದರೆ ಮೂಲೆಮನೆ ಮಾವ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಯಾರು ಏನು ಹೇಳಿದರೂ ಟಿಕೆಟ್ ತೋರಿಸಿ ಎನ್ನುವ ಮುಖ. ಅವರು ಒಂದು ದಿನ ಜಗಳಕ್ಕೇ ಬಂದರು.

"ಅಲ್ಲಮ್ಮ, ದಿನಕ್ಕೆ ಒಂದೂವರೆ ಜಿಬಿ, ಇಪ್ಪತ್ತೆಂಟು ದಿನ. ಗುಣಿಸಿದ್ರೆ ನಲವತ್ತೆರಡು. ಹತ್ತು ದಿನ ನಾನು ಫೋನೇ ಮುಟ್ಟಿಲ್ಲ. ನನ್ನ ಹದಿನೈದು ಜಿಬಿ ಎಲ್ಲಿ?"

"ಹೋಯ್ತು ಮಾವ."

"ಎಲ್ಲಿಗೆ ಹೋಯ್ತು?"

"ಆ ಹತ್ತು ದಿನ ಎಲ್ಲಿಗೆ ಹೋದ್ವೋ ಅಲ್ಲಿಗೆ."

ಮಾವನ ಮೀಸೆ ಎದ್ದಿತು. ಷರತ್ತಮ್ಮ ಕನ್ನಡಕ ಏರಿಸಿದಳು.

"ಇದು ಕೂಡಿಡೋ ಕಾಳಲ್ಲ ಮಾವ, ಮಾತ್ರೆ. ಇವತ್ತಿಂದು ನುಂಗ್ಲಿಲ್ಲ ಅಂತ ನಾಳೆ ಎರಡು ನುಂಗೋ ಹಾಗಿಲ್ಲ. ರಾತ್ರಿ ಹನ್ನೆರಡು ಹೊಡೀತಾ, ಉಳಿದಿದ್ದು ಸೊನ್ನೆ, ಹೊಸದಾಗಿ ಒಂದೂವರೆ. ಇಲ್ಲಿ ಬರ್ದಿದೆ ನೋಡಿ."

"ಒಂದೂವರೆ ಮಧ್ಯಾಹ್ನಕ್ಕೇ ಮುಗಿದ್ರೆ?"

"ಅದಕ್ಕೇ ಕೆಳಗಿನ ಸಾಲು. ಆಮೇಲೆ ವೇಗ ಅರವತ್ನಾಲ್ಕು ಕೆಬಿಪಿಎಸ್. ಅಂದ್ರೆ ನಿಂತೇ ಹೋಗಲ್ಲ, ತೆವಳುತ್ತೆ. ಬರೆದು ಕಳ್ಸಿದ ಮೆಸೇಜು ಹೋಗುತ್ತೆ. ಫೋಟೋ ಆಕಳಿಸಿಕೊಂಡು ಬರುತ್ತೆ. ವಿಡಿಯೋ ಅಂತೂ ಸತ್ತಂಗೆ."

"ಅಂದ್ರೆ ನಾನು ಬಳಸದೇ ಇದ್ರೆ ಕಂಪನಿ ನುಂಗುತ್ತೆ ಅನ್ನು."

"ಹಾಗೇ ಅಂದ್ಕೊಳ್ಳಿ."

ಮಾವ ಹಾಗೇ ಅಂದುಕೊಂಡರು. ಮರುದಿನದಿಂದ ಬೆಳಿಗ್ಗೆ ಎದ್ದವರೇ ಫೋನಿನಲ್ಲಿ ಏನಾದರೊಂದು ವಿಡಿಯೋ ಹಚ್ಚಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಾವು ಪೇಪರು ಓದತೊಡಗಿದರು. ನೋಡುವುದಕ್ಕಲ್ಲ, ಕಂಪನಿಗೆ ಒಂದು ಚೂರೂ ಉಳಿಸದಿರುವುದಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಶತ್ರು ನಿರ್ನಾಮ.

ಬೀದಿಯಲ್ಲಿ ಷರತ್ತಮ್ಮ ಪರದೆ ಓದಿ ಹೇಳದೆ ಇದ್ದ ಗಿರಾಕಿ ಒಬ್ಬನೇ ಇದ್ದ. ಅವನು ಇಸ್ತ್ರಿ ಅಣ್ಣ.

ಅವನ ತಳ್ಳುಗಾಡಿ ಆಕೆಯ ಅಂಗಡಿಯ ಎದುರಿಗೇ ನಿಲ್ಲುತ್ತಿತ್ತು. ಕೆಂಡ ತುಂಬಿದ ಪೆಟ್ಟಿಗೆ, ನೀರು ಚಿಮುಕಿಸುವ ಡಬ್ಬಿ, ಮಡಿಚಿಟ್ಟ ಅಂಗಿಗಳ ಗೋಪುರ. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸದು, ಮಾತೂ ಬಾರದು, ಓದು ಬರಹವಂತೂ ಅವನತ್ತ ಸುಳಿದೇ ಇರಲಿಲ್ಲ. ಅವನ ಪರವಾಗಿ ಬೀದಿಯ ಜೊತೆ ಮಾತಾಡುತ್ತಿದ್ದವಳು ಅವನ ಹೆಂಡತಿ. ಅವಳನ್ನು ನಾವೆಲ್ಲ ಅತ್ತಿಗೆ ಎನ್ನುತ್ತಿದ್ದೆವು. ಗಂಡನ ಪಾಲಿನ ಮಾತನ್ನೂ ಸೇರಿಸಿ ಇಬ್ಬರ ಮಾತು ಅವಳೇ ಆಡುತ್ತಿದ್ದರಿಂದ ಲೆಕ್ಕ ಸರಿಹೋಗುತ್ತಿತ್ತು.

ಇಪ್ಪತ್ತೆಂಟು ದಿನಕ್ಕೊಮ್ಮೆ ಇಸ್ತ್ರಿ ಅಣ್ಣ ರಸ್ತೆ ದಾಟಿ ಬಂದು ಒಂದು ಬೆರಳೆತ್ತಿ, ಅದೇ ಬೆರಳಿನಿಂದ ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದ. ನಂದು, ಎಂದಿನದು, ಎಂದರ್ಥ. ಷರತ್ತಮ್ಮ ಒತ್ತುತ್ತಿದ್ದಳು, ಅವನು ನಗುತ್ತಿದ್ದ, ಮುಗಿಯಿತು. ಕೇಳಿಸದವನಿಗೆ ಓದಿ ಏನು ಹೇಳುವುದು? ಹಾಗೆಂದುಕೊಂಡು ಆರು ವರ್ಷ ಆಕೆ ಅವನಿಗೆ ಹಾಕುತ್ತ ಬಂದ ಪ್ಲಾನಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ಅನಿಯಮಿತ ಕರೆ, ದಿನಕ್ಕೆ ನೂರು ಎಸ್ಸೆಮ್ಮೆಸ್. ಜನ್ಮದಲ್ಲಿ ಒಂದು ಕರೆ ಮಾಡದವನಿಗೆ, ಒಂದು ಅಕ್ಷರ ಓದದವನಿಗೆ.

ಅವನಿಗೆ ಫೋನು ಬೇಕಿದ್ದದ್ದು ಒಬ್ಬರಿಗಾಗಿ. ಅವನಿಗಿಂತ ಏಳು ವರ್ಷ ದೊಡ್ಡವಳಾದ ಅಕ್ಕನಿಗಾಗಿ. ಅವಳೂ ಅವನಂತೆಯೇ. ದೂರದ ಊರೊಂದರಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಕಿವುಡರ ಶಾಲೆಯಲ್ಲಿ ಕಲಿಸುವ ಕೈಭಾಷೆ ಅವರಿಗೆ ಗೊತ್ತಿರಲಿಲ್ಲ. ಆದರೆ ಮಕ್ಕಳಾಗಿದ್ದಾಗಲೇ ಅಕ್ಕ ಒಂದು ಭಾಷೆ ಕಟ್ಟಿದ್ದಳು, ತಮ್ಮ ಕಲಿತಿದ್ದ. ಅದರಲ್ಲಿ ಮೂಗಿನ ಪಕ್ಕ ಬೆರಳಿಟ್ಟರೆ ಅಮ್ಮ. ಅಂಗೈ ಮಗುಚಿದರೆ ಮುಗಿಯಿತು. ಇಡೀ ಭೂಮಂಡಲದಲ್ಲಿ ಆ ಭಾಷೆ ಆಡುವವರು ಇಬ್ಬರು. ಅತ್ತಿಗೆಗೆ ಊಟ, ಬಟ್ಟೆ, ಜಗಳಕ್ಕೆ ಬೇಕಾದಷ್ಟು ಬರುತ್ತಿತ್ತು. "ಜಗಳಕ್ಕೆ ಬೇಕಾದ್ದು ಮೊದ್ಲು ಕಲ್ತೆ" ಎನ್ನುತ್ತಿದ್ದಳು. ಆದರೆ ಅಕ್ಕ ತಮ್ಮ ಫೋನಿನಲ್ಲಿ ಎದುರುಬದುರಾದರೆ ಅವರ ಬೆರಳುಗಳು ಓಡುವ ಓಟಕ್ಕೆ ಅವಳೂ ಹಿಂದೆ ಬೀಳುತ್ತಿದ್ದಳು.

ಅಕ್ಕ ಆಸ್ಪತ್ರೆಗೆ ಸೇರಿದ್ದು ಹಿಂದಿನ ದಿನ. ಹೊಟ್ಟೆನೋವು. ಜೊತೆಯ ಕೆಲಸಗಾರ್ತಿಯರು ಸೇರಿಸಿದ್ದರು. ತಪಾಸಣೆ ಮಾಡುತ್ತಿದ್ದಾರೆ ಎಂದಷ್ಟೇ ಸುದ್ದಿ. ಇಸ್ತ್ರಿ ಅಣ್ಣ ಅವತ್ತು ಸಂಜೆಯ ಬಸ್ಸಿಗೆ ಹೊರಡುವವನಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನೇ ವಿಡಿಯೋ ಕರೆ ಮಾಡಿದಳು. ಅವನು ಫೋನನ್ನು ಅಂಗಿಗಳ ಗೋಪುರಕ್ಕೆ ಒರಗಿಸಿ ನಿಂತ. ಒಂಬತ್ತರಿಂದ ಹನ್ನೆರಡರವರೆಗೆ ಪೆಟ್ಟಿಗೆ ತಣ್ಣಗಾಗಿತ್ತು. ಏನು ಮಾತು ಅಷ್ಟೊಂದು? ಅತ್ತಿಗೆ ಆಮೇಲೆ ಹೇಳಿದಳು: ಪಕ್ಕದ ಹಾಸಿಗೆಯ ಮುದುಕಿ ಹೇಗೆ ಬಾಯಿ ತೆರೆದು ಮಲಗುತ್ತಾಳೆ ಎಂದು ಅಕ್ಕ ಮಾಡಿ ತೋರಿಸಿದಳಂತೆ. ಚಿಕ್ಕವರಿದ್ದಾಗ ಮೇಕೆ ಅಟ್ಟಿಸಿಕೊಂಡು ಬಂದದ್ದನ್ನು ತಮ್ಮ ಮಾಡಿ ತೋರಿಸಿದನಂತೆ. ನಿಮಿಷಕ್ಕೆ ಎಂಟು ಎಂಬಿಯಂತೆ ಮೂರು ಗಂಟೆ. ದಿನದ ಒಂದೂವರೆ ಜಿಬಿ ಮುದುಕಿಗೂ ಮೇಕೆಗೂ ಸಂದುಹೋಯಿತು. ನಡುವೆ ಫೋನು ನಡುಗಿ, ದಿನದ ಮಿತಿ ಮುಗಿಯುತ್ತ ಬಂತೆಂದು ಕಂಪನಿ ಕಳಿಸಿದ ಸಂದೇಶ ಕಾಣಿಸಿಕೊಂಡಿತು. ಓದಲು ಬಾರದವನು ಅದನ್ನು ನೊಣದಂತೆ ಸರಿಸಿದ.

ಎರಡು ಗಂಟೆಗೆ ಆಸ್ಪತ್ರೆಯ ನರ್ಸು ಅತ್ತಿಗೆಯ ಬಟನ್ ಫೋನಿಗೆ ಕರೆ ಮಾಡಿದಳು. ಕರುಳು ಒಂದು ಕಡೆ ಗಂಟು ಬಿದ್ದಿದೆ, ಇವತ್ತು ನಾಲ್ಕಕ್ಕೇ ಆಪರೇಷನ್, ತಡವಾದರೆ ಜೀವಕ್ಕೆ ಅಪಾಯ. ಆದರೆ ಪೇಷಂಟು ಯಾರನ್ನೂ ಹತ್ತಿರ ಬಿಡುತ್ತಿಲ್ಲ, ಸೂಜಿ ಕಿತ್ತು ಹಾಕಿದ್ದಾಳೆ. ಕೈಭಾಷೆ ಕಲಿಸುವ ಮೇಷ್ಟರೊಬ್ಬರನ್ನು ಕರೆಸಿದ್ದೆವು, ಅವರ ಕೈ ಇವಳಿಗೆ ಅರ್ಥವಾಗಲಿಲ್ಲ. ತಮ್ಮನ ಕೈಲಿ ಹೇಳಿಸಿ. ಮೂರೂವರೆಯೊಳಗೆ.

ಅತ್ತಿಗೆ ಅದನ್ನು ತನಗೆ ಬಂದಷ್ಟು ಕೈಯಲ್ಲಿ ಗಂಡನಿಗೆ ಹೇಳಿದಳು. ಅವನು ಕೂಡಲೇ ಅಕ್ಕನಿಗೆ ಕರೆ ಮಾಡಿದ.

ಚಿತ್ರ ಚೂರುಚೂರಾಗಿ ಬಂತು. ಅವನು ಗಮನಿಸಲಿಲ್ಲ, ಅವಸರದಲ್ಲಿದ್ದ. ಅಂಗೈಯ ಅಂಚನ್ನು ಹೊಟ್ಟೆಯ ಮೇಲೆ ಎಳೆದ: ಕತ್ತರಿಸುತ್ತಾರೆ. ಆಮೇಲೆ ಎರಡು ಬೆರಳು ಸೇರಿಸಿ ದಾರ ಎಳೆದ: ಹೊಲಿಯುತ್ತಾರೆ. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿ ತೆರೆದ: ಮಲಗುತ್ತೀಯ, ಏಳುತ್ತೀಯ. ಅಕ್ಕನಿಗೆ ತಲುಪಿದ್ದು ಮೊದಲನೆಯದು ಮಾತ್ರ. ಹೊಟ್ಟೆಯ ಮೇಲೆ ಅಂಗೈಯ ಅಂಚು ಎಳೆದ ತಮ್ಮನ ಚಿತ್ರ ಅವಳ ಪರದೆಯಲ್ಲಿ ಹಾಗೇ ಹೆಪ್ಪುಗಟ್ಟಿ ನಿಂತಿತು. ಕತ್ತರಿಸುತ್ತಾರೆ. ಕತ್ತರಿಸುತ್ತಾರೆ. ಕತ್ತರಿಸುತ್ತಾರೆ. ಈ ಕಡೆ ಅವನ ಪರದೆಯಲ್ಲಿ ಅಕ್ಕನ ಮುಖ ಮಸುಕು ಚೌಕಗಳಾಗಿ ಒಡೆಯಿತು, ಆಮೇಲೆ ಕತ್ತಲಾಯಿತು. ಅವಳು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ್ದಳು.

ಗಂಡ ಹೆಂಡತಿ ರಸ್ತೆ ದಾಟಿ ಓಡಿ ಬಂದರು.

"ಅಕ್ಕಂಗೆ ಆಪರೇಷನ್ನು, ನೆಟ್ ಬರ್ತಿಲ್ಲ ಕಣಮ್ಮ, ಬೇಗ ಹಾಕಿ!" ಎಂದಳು ಅತ್ತಿಗೆ. ಇಸ್ತ್ರಿ ಅಣ್ಣ ಬೆರಳೆತ್ತಿ ಎದೆ ಮುಟ್ಟಿಕೊಂಡ.

ಷರತ್ತಮ್ಮನ ಕೈ ಆರು ವರ್ಷದ ಅಭ್ಯಾಸದ ಕೈ. ಆ ಬೆರಳು ಎದ್ದೊಡನೆ ಇದು ತಾನಾಗಿ ಒತ್ತಿತು. ಪರದೆಯಲ್ಲಿ ಒಂದು ಚೌಕ ಎದ್ದು ಏನೋ ಕೇಳಿತು. ಆಕೆ ಅದನ್ನೂ ಒತ್ತಿದಳು. ಹಸಿರು ಗುರುತು ಬಂತು.

"ಆಯ್ತು, ಹೋಗಿ ಮಾತಾಡಿ."

ಅವನು ಮತ್ತೆ ಕರೆ ಮಾಡಿದ. ಅದೇ ಚೂರು, ಅದೇ ಮಸುಕು. ಅಕ್ಕ ಒಂದು ಕ್ಷಣ ಕಂಡಳು, ಕೈ ಎತ್ತಿದ್ದಳು, ಏನು ಕೇಳುತ್ತಿದ್ದಾಳೆಂದು ತಿಳಿಯುವ ಮೊದಲೇ ಚಿತ್ರ ನಿಂತಿತು. ಅತ್ತಿಗೆ ಫೋನು ಆರಿಸಿ ಹಚ್ಚಿದಳು. ಮತ್ತೆ ಆರಿಸಿ ಹಚ್ಚಿದಳು. ಬೀಗದವನು ಬ್ಯಾಟರಿ ಎಂದ. ದರ್ಜಿ ಟವರು ಎಂದ. ಮೂಲೆಮನೆ ಮಾವ ಪೇಪರು ಹಿಡಿದೇ ಬಂದು, "ಆಸ್ಪತ್ರೆ ಗೋಡೆ ದಪ್ಪ ಇರುತ್ತಮ್ಮ, ನೆಟ್ ಒಳಗೆ ನುಗ್ಗಲ್ಲ" ಎಂದು ತೀರ್ಪು ಕೊಟ್ಟರು. ಹೀಗೆ ಪಂಡಿತರ ಸಭೆ ನಡೆಯುತ್ತಿರುವಾಗ ಗಡಿಯಾರ ಮೂರಕ್ಕೆ ಐದು ನಿಮಿಷವಿದೆ ಎಂದು ತೋರಿಸುತ್ತಿತ್ತು.

ಇಸ್ತ್ರಿ ಅಣ್ಣ ಮತ್ತೆ ಬಂದು ಕೌಂಟರಿನ ಮೇಲೆ ಅಂಗೈಯಿಂದ ಗುದ್ದಿದ. ಕವಚಗಳ ಡಬ್ಬಿ ನೆಲಕ್ಕುರುಳಿತು.

"ಏನಿದು? ಹಾಕಿದ್ದೀನಲ್ಲ!" ಷರತ್ತಮ್ಮನಿಗೆ ರೇಗಿತು. "ಯಶಸ್ವಿ ಅಂತ ಬಂದಿದೆ. ನಾನೇನು ಸುಳ್ಳು ಹೇಳ್ತೀನಾ?"

"ಹಾಕಿದ್ರೆ ಯಾಕಮ್ಮ ಬರ್ತಿಲ್ಲ? ಎಲ್ಲಾರ್ಗೂ ಪುರಾಣ ಓದ್ತೀರಿ. ನಮ್ಗೆ ಒಂದ್ ದಿನ ಏನಾದ್ರೂ ಓದಿದ್ದೀರಾ?"

ಅತ್ತಿಗೆ ಅದನ್ನು ಅಳುತ್ತ ಹೇಳಿದಳು. ಚುಚ್ಚಲೆಂದು ಹೇಳಿದ್ದಲ್ಲ, ಆದರೆ ಚುಚ್ಚಿತು. ಷರತ್ತಮ್ಮ ಇಸ್ತ್ರಿ ಅಣ್ಣನ ಫೋನು ತೆಗೆದುಕೊಂಡು, ಕನ್ನಡಕ ಏರಿಸಿ, ಕಂಪನಿಯ ಆ್ಯಪ್ ತೆರೆದಳು. ಚಕ್ರ ತಿರುಗಿತು. ತಿರುಗಿತು. ತೆವಳುವ ವೇಗದಲ್ಲಿ ಪರದೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಮೂಡಿತು. ಮೂಡಿದ ಹಾಗೆ ಆಕೆ ಓದಿದಳು.

"ಇಂದಿನ ಡೇಟಾ, ಒಂದೂವರೆ ಜಿಬಿಯಲ್ಲಿ ಉಳಿದಿದ್ದು ಸೊನ್ನೆ. ಈಗಿನ ವೇಗ, ಅರವತ್ನಾಲ್ಕು ಕೆಬಿಪಿಎಸ್. ಮಿತಿ ಹೊಸದಾಗೋದು ರಾತ್ರಿ ಹನ್ನೆರಡಕ್ಕೆ. ಈಗಿನ ಪ್ಲಾನಿನ ವ್ಯಾಲಿಡಿಟಿ, ಇನ್ನೂ ಒಂಬತ್ತು ದಿನ..."

ಅಲ್ಲಿಗೆ ಸ್ವರ ತಗ್ಗಿತು. ಇನ್ನೊಂದು ಸಾಲು ಮೂಡುತ್ತಿತ್ತು.

"ಮುಂದಿನ ಪ್ಲಾನ್, ಸರದಿಯಲ್ಲಿದೆ. ಈಗಿನದು ಮುಗಿದ ಮೇಲೆ ಆರಂಭ."

"ಅಂದ್ರೇನಮ್ಮ?"

"ಅಂದ್ರೆ ನಾನು ಹಾಕಿದ್ದು ಒಂಬತ್ತು ದಿನ ಆದ್ಮೇಲೆ ಶುರು ಆಗುತ್ತೆ." ಷರತ್ತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದರಲ್ಲಿ ಧೂಳಿರಲಿಲ್ಲ. "ಸರದೀಲಿ ಹಾಕ್ಲಾ ಅಂತ ಅದು ಕೇಳ್ತು. ನಾನು ಓದ್ಲಿಲ್ಲ. ಹೂಂ ಅಂತ ಒತ್ತಿದೆ."

ಒಂದು ಬೀದಿಗೆ ಆರು ವರ್ಷ ಸಣ್ಣಕ್ಷರ ಓದಿ ಹೇಳಿದ ಮಹಾರಾಣಿ ಆ ಕ್ಷಣ ಸಿಂಹಾಸನದಿಂದ ಇಳಿದಳು. ನಿಜವಾಗಿಯೂ ಎದ್ದು ನಿಂತಳು.

"ನನ್ನ ಫೋನಿಂದ ಹಾಟ್‌ಸ್ಪಾಟ್ ಕೊಡ್ತೀನಿ, ತಗೊಳ್ಳಿ!" ಎಂದು ಮೂಲೆಮನೆ ಮಾವ ವೀರನಂತೆ ಮುಂದೆ ಬಂದರು. ಷರತ್ತಮ್ಮ ಅವರ ಫೋನನ್ನೂ ತೆರೆದಳು. ಉಳಿದಿದ್ದು ಸೊನ್ನೆ. ಗೋಡೆಗೆ ಮುಖ ಮಾಡಿದ್ದ ವಿಡಿಯೋ ಹನ್ನೊಂದೂವರೆಗೇ ಯುದ್ಧ ಗೆದ್ದಿತ್ತು. ಮಾವ ಪೇಪರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹಿಂದೆ ಸರಿದರು.

ದರ್ಜಿಯದೂ ಬೀಗದವನದೂ ಬಟನ್ ಫೋನು. ಷರತ್ತಮ್ಮ ತನ್ನದನ್ನೇ ಕೊಡೋಣವೆಂದರೆ ಆಕೆಯದು ಬೇರೆ ಜಾತಿಯ ಪ್ಲಾನು. ದಿನದ ಮಿತಿ ಇಲ್ಲ, ಎಂಬತ್ತನಾಲ್ಕು ದಿನಕ್ಕೆ ಒಟ್ಟು ಆರು ಜಿಬಿ, ಮುಗಿದರೆ ಮುಗಿಯಿತು. ಅದರಲ್ಲಿ ಉಳಿದಿದ್ದು ಎಂಬತ್ತು ಎಂಬಿ. ಹತ್ತು ನಿಮಿಷದ ಮಾತು. ಮತ್ತೊಮ್ಮೆ ಮಾತಿನ ನಡುವೆ ಚಿತ್ರ ನಿಂತರೆ ಅಕ್ಕ ಇನ್ನೆಂದೂ ಫೋನು ಮುಟ್ಟುವುದಿಲ್ಲ ಎಂದು ಆಕೆಗೆ ಗೊತ್ತಾಗಿತ್ತು.

ಆಕೆ ಕುರ್ಚಿಯನ್ನು ಒದ್ದು ಸರಿಸಿ ತನ್ನ ಪರದೆಯಲ್ಲಿ ಹೆಚ್ಚುವರಿ ಡೇಟಾದ ಪಟ್ಟಿ ತೆರೆದಳು. ಒಟ್ಟು ಐದಿದ್ದವು.

"ಯಾವ್ದಾದ್ರೂ ಹಾಕಿ ಅಮ್ಮ, ಮೂರು ಗಂಟೆ ಆಯ್ತು!" ಅತ್ತಿಗೆ ಕೂಗಿದಳು. "ಓದ್ತಾ ನಿಲ್ಬೇಡಿ, ಒತ್ತಿ!"

"ಓದದೆ ಒತ್ತಿದ್ದಕ್ಕೇ ಹೀಗಾಗಿದ್ದು. ಒಂದ್ನಿಮಿಷ ತಡಿ ತಾಯಿ."

ಮೊದಲನೆಯದು ಹತ್ತು ಜಿಬಿ, ಕಣ್ಣು ಕುಕ್ಕುವ ಬಣ್ಣದಲ್ಲಿತ್ತು. ಆಕೆ ಕೆಳಗಿನ ಸಣ್ಣಕ್ಷರಕ್ಕೆ ಬೆರಳಿಟ್ಟಳು: ಕಂಪನಿಯ ಸಿನಿಮಾ ಆ್ಯಪಿನಲ್ಲಿ ಮಾತ್ರ ಬಳಕೆ. ಅವಸರದಲ್ಲಿ ಅದನ್ನು ಒತ್ತಿದ್ದರೆ ಅಕ್ಕನ ಮುಖ ಇನ್ನೊಮ್ಮೆ ಒಡೆಯುತ್ತಿತ್ತು. ಎರಡನೆಯದು ಬರೀ ವ್ಯಾಲಿಡಿಟಿ ಮುಂದುವರಿಸುವುದು, ಡೇಟಾ ಇಲ್ಲ. ಮೂರನೆಯದನ್ನು ಆಕೆ ಜೋರಾಗಿ ಓದಿದಳು.

"ಎರಡು ಜಿಬಿ. ದಿನದ ಮಿತಿ ಇಲ್ಲ. ಕೂಡಲೇ ಜಾರಿ. ವ್ಯಾಲಿಡಿಟಿ, ಈಗಿನ ಪ್ಲಾನ್ ಇರೋವರ್ಗೂ. ಪ್ಲಾನ್ ಚಾಲ್ತೀಲಿರ್ಬೇಕು." ಇದೆ, ಒಂಬತ್ತು ದಿನ ಇದೆ. "ಎಲ್ಲಾ ಆ್ಯಪಿಗೂ ಅನ್ವಯ."

ಒತ್ತಿದಳು.

ಇಸ್ತ್ರಿ ಅಣ್ಣನ ಫೋನು ನಡುಗಿತು. ಪರದೆಯಲ್ಲಿ ತಿರುಗುತ್ತಿದ್ದ ಚಕ್ರ ಥಟ್ಟನೆ ಮಾಯವಾಯಿತು.

ಎರಡೂ ಕೈ ಬೇಕಾದ ಭಾಷೆ. ಫೋನು ಹಿಡಿಯುವವರು ಯಾರು? ಷರತ್ತಮ್ಮ ಹಿಡಿದಳು. ಕೌಂಟರಿಗೆ ಮೊಣಕೈ ಊರಿ, ಎದೆಯ ಮುಂದೆ ಕನ್ನಡಿ ಹಿಡಿದ ಹಾಗೆ ಹಿಡಿದಳು. ಅವನು ರಸ್ತೆಯ ಬೆಳಕಿನಲ್ಲಿ ನಿಂತ. ಕರೆ ಹೋಯಿತು. ಅಕ್ಕ ಎತ್ತಲಿಲ್ಲ. ಮತ್ತೆ ಹೋಯಿತು, ಎತ್ತಲಿಲ್ಲ. ಅತ್ತಿಗೆ ನರ್ಸಿಗೆ ಕರೆ ಮಾಡಿ, "ಮುಖಕ್ಕೆ ಹಿಡೀರಿ ಸಿಸ್ಟರ್, ಬೋರಲು ಹಾಕಿದ್ರೂ ಎತ್ತಿ ಹಿಡೀರಿ" ಎಂದು ಗೋಗರೆದಳು.

ಮೂರನೆಯ ಸಲ ಅಕ್ಕ ಕಂಡಳು. ನಿಚ್ಚಳವಾಗಿ. ದಿಂಬಿನ ಸುಕ್ಕು, ಒದ್ದೆಯಾದ ರೆಪ್ಪೆ, ಸೂಜಿ ಕಿತ್ತ ಜಾಗದಲ್ಲಿ ಹತ್ತಿ, ಎಲ್ಲ. ತಮ್ಮನನ್ನು ನೋಡಿದ ಕೂಡಲೇ ಅವಳು ಅಂಗೈಯ ಅಂಚನ್ನು ತನ್ನ ಹೊಟ್ಟೆಯ ಮೇಲೆ ಎಳೆದು, ಅಂಗೈ ಮಗುಚಿದಳು. ಇಷ್ಟು ಅತ್ತಿಗೆಗೂ ಅರ್ಥವಾಯಿತು. ಕತ್ತರಿಸಿ ಮುಗಿಸುತ್ತಾರಾ ನನ್ನನ್ನು?

ಅವನು ತಲೆ ಅಲ್ಲಾಡಿಸಿದ. ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಅವಸರವಿರಲಿಲ್ಲ. ಕತ್ತರಿಸುತ್ತಾರೆ. ತಂತಿಯಂತೆ ಸುತ್ತಿಕೊಂಡ ಕರುಳನ್ನು ಬಿಡಿಸುತ್ತಾರೆ. ಆಮೇಲೆ ಹೊಲಿಯುತ್ತಾರೆ, ನೀನು ಗುಂಡಿ ಹಚ್ಚಿದ ಹಾಗೆ. ಅವಳು ಕೇಳಿದಳು: ನೋವು? ಅವನು ಕೆನ್ನೆಗೆ ಕೈಕೊಟ್ಟ: ಮಲಗಿರುತ್ತೀಯ. ಎದ್ದ ಮೇಲೆ ನೋವು ಇರುತ್ತದೆ. ಅದನ್ನು ಅವನು ಮುಚ್ಚಿಡಲಿಲ್ಲ. ಅವಳು ಮತ್ತೇನೋ ಕೇಳಿದಳು, ಉದ್ದದ ಮಾತು, ಎರಡೂ ಕೈ. ಅದು ಅತ್ತಿಗೆಗೆ ತಿಳಿಯಲಿಲ್ಲ, ನಮಗೆ ತಿಳಿಯುವ ಪ್ರಶ್ನೆಯೇ ಇಲ್ಲ. ಅವನು ಎರಡೂ ಕೈಯಲ್ಲಿ ಅಷ್ಟೇ ಉದ್ದಕ್ಕೆ ಉತ್ತರಿಸಿದ. ದರ್ಜಿ ಯಂತ್ರ ತುಳಿಯಲಿಲ್ಲ. ಷರತ್ತಮ್ಮ ಇನ್ನೊಂದು ಕೈಯಿಂದ ಮಣಿಕಟ್ಟಿಗೆ ಆಸರೆ ಕೊಟ್ಟಳು. ಬೀಗದವನು ಬದಲಿಗೆ ಹಿಡಿಯಲು ಬಂದಾಗ ಕಣ್ಣಲ್ಲೇ ಗದರಿದಳು. ಚಿತ್ರ ಅಲ್ಲಾಡಿದರೆ ಮಾತು ಅಲ್ಲಾಡುತ್ತದೆ.

ಮೂರು ಇಪ್ಪತ್ತೆಂಟಕ್ಕೆ ಅಕ್ಕ ತನ್ನ ತೋಳನ್ನು ನರ್ಸಿನತ್ತ ಚಾಚಿದಳು. ಸೂಜಿ ಚುಚ್ಚುವಾಗ ಅವಳ ಕಣ್ಣು ತಮ್ಮನ ಮೇಲೆಯೇ ಇತ್ತು. ಬಿಡುವಾಗಿದ್ದ ಇನ್ನೊಂದು ಕೈಯ ಹೆಬ್ಬೆಟ್ಟನ್ನು ಮಸಿಗೆ ಒತ್ತಿ ಕಾಗದದ ಮೇಲಿಟ್ಟಳು. ಆಮೇಲೆ ಅದೇ ಮಸಿಯ ಬೆರಳು ಮೂಗಿನ ಪಕ್ಕಕ್ಕೆ ಹೋಯಿತು. ಅಮ್ಮ. ಅಲ್ಲಿ ಮೂಗುಬೊಟ್ಟಿನಂತೆ ಕಪ್ಪು ಚುಕ್ಕೆ ಉಳಿಯಿತು. ತಮ್ಮ ನಕ್ಕ, ಅವಳೂ ನಕ್ಕಳು. ನರ್ಸು ಫೋನನ್ನು ಮಂಚದ ಮೇಲಿಟ್ಟಳೆಂದು ಕಾಣುತ್ತದೆ. ಆಮೇಲೆ ಬರೀ ಚಾವಣಿ, ಸಾಗುವ ದೀಪಗಳು. ಯಾರೂ ಕರೆ ಕತ್ತರಿಸಲಿಲ್ಲ. ಹೋಗುತ್ತಿರುವುದು ಎಷ್ಟು ಎಂಬಿ ಎಂದು ಜೀವಮಾನದಲ್ಲಿ ಮೊದಲ ಸಲ ಷರತ್ತಮ್ಮ ಲೆಕ್ಕ ಇಡಲಿಲ್ಲ.

ಸಂಜೆಯ ಬಸ್ಸಿಗೆ ಅವನು ಹೋದ. ಅಕ್ಕ ಕಣ್ಣು ತೆರೆದಾಗ ಎದುರಿಗಿದ್ದ.

ಅವನು ತಿರುಗಿ ಬಂದ ಮೇಲೆ ಷರತ್ತಮ್ಮ ಅತ್ತಿಗೆಯನ್ನು ಕರೆದು ಕೂರಿಸಿಕೊಂಡಳು.

"ದಿನಕ್ಕೆ ಅನ್ನೋದನ್ನ ನಿಮ್ಮೋರು ಕೈಯಲ್ಲಿ ಹೆಂಗ್ ಹೇಳ್ತಾರೆ?"

"ಯಾಕಮ್ಮ?"

"ಓದ್ಬೇಕಲ್ಲ ಅವ್ನಿಗೆ."

"ಅಯ್ಯೋ, ನನ್ಗೇ ನೆಟ್ಟಗೆ ಬರಲ್ಲ. ಅವ್ರನ್ನೇ ಕೇಳಿ."

ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ಷರತ್ತಮ್ಮ ಹೊಸ ಭಾಷೆಯೊಂದರ ಒಂದನೇ ತರಗತಿಗೆ ಸೇರಿದಳು. ಪಾಠ ನಡೆಯುತ್ತಿದ್ದದ್ದು ಇಪ್ಪತ್ತೆಂಟು ದಿನಕ್ಕೊಮ್ಮೆ. ದಿನ ಎಂದರೆ ಕೈಯನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಸೂರ್ಯನಂತೆ ದಾಟಿಸುವುದು. ನಿಧಾನ ಎಂದರೆ ಮುಂಗೈಯ ಮೇಲೆ ಎರಡು ಬೆರಳು ಇರುವೆಯಂತೆ ನಡೆಯುವುದು. ತುಂಬಿದೆ, ಅರ್ಧ, ಮುಗಿಯಿತು, ಮತ್ತೆ ಹೊಸದು, ಕಾಯಬೇಕು. ಒಟ್ಟು ಏಳು ಪದ ಕಲಿತಳು, ಏಳೂ ಪ್ರೀಪೇಯ್ಡ್ ಪ್ಲಾನಿಗೆ ಸಂಬಂಧಿಸಿದವು. ಅವಳ ಇರುವೆ ಆನೆಯಂತೆ ನಡೆಯುತ್ತದೆ ಎಂದು ಅತ್ತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಅವನಿಗೆ ಅರ್ಥವಾಗುತ್ತಿತ್ತು. ಕರೆ, ಎಸ್ಸೆಮ್ಮೆಸ್ಸಿನ ಆಡಂಬರ ಬಿಟ್ಟು, ದಿನಕ್ಕೆ ಎರಡೂವರೆ ಜಿಬಿಯ ಪ್ಲಾನನ್ನು ಅವನೇ ಆರಿಸಿಕೊಂಡ. ಅರ್ಧ ಮುಗಿದ ಸಂದೇಶ ಬಂದರೆ ಗುರುತು ಹಿಡಿದು, ಮುಖ್ಯವಾದ ಮಾತನ್ನು ಮೊದಲು ಆಡಿ, ಮೇಕೆಯನ್ನು ಕೊನೆಗಿಟ್ಟುಕೊಳ್ಳುವುದನ್ನು ಕಲಿತ.

ಅಕ್ಕ ಆಮೇಲೆ ಹದಿನಾಲ್ಕು ತಿಂಗಳು ಬದುಕಿದಳು. ಹೋದದ್ದು ಹೊಟ್ಟೆಯಿಂದಲ್ಲ, ಎದೆಯಿಂದ, ನಿದ್ದೆಯಲ್ಲಿ. ಹಿಂದಿನ ಸಂಜೆಯೂ ಮಾತಾಡಿದ್ದಳು.

ಪ್ಲಾನು ಮುಗಿಯುವ ದಿನ ಇಸ್ತ್ರಿ ಅಣ್ಣ ರಸ್ತೆ ದಾಟಿ ಬಂದು ಕೌಂಟರಿನ ಮುಂದೆ ನಿಂತ. ಬೆರಳೆತ್ತಲಿಲ್ಲ. ಎರಡೂ ಕೈ ತೊಡೆಯ ಪಕ್ಕ ಸುಮ್ಮನೆ ಜೋತುಬಿದ್ದಿದ್ದವು. ಆ ಕೈಗಳು ಹದಿನೈದು ದಿನದಿಂದ ಹಾಗೇ ಇವೆ, ಅಂಗಿಗಳ ಮೇಲೆ ಓಡಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಅತ್ತಿಗೆ ಹೇಳಿದ್ದಳು.

ಷರತ್ತಮ್ಮ ತಾನೇ ಎರಡು ಪ್ಲಾನು ತೆರೆದು ಪರದೆ ತಿರುಗಿಸಿದಳು. ಒಂದು ಹಳೆಯದು. ಇನ್ನೊಂದು ನಂಬರು ಉಳಿಯುವಷ್ಟು, ಚೂರು ಡೇಟಾದ್ದು. ಅವನು ಚಿಕ್ಕದನ್ನು ಮುಟ್ಟಿದ.

ಆದರೆ ಓದದೆ ಹಾಕುವಂತಿಲ್ಲ. ಆಕೆ ಕನ್ನಡಕ ಏರಿಸಿ ಎದ್ದು ನಿಂತು ಓದತೊಡಗಿದಳು. ಒಟ್ಟು ಎರಡು ಜಿಬಿ, ಎರಡು ಬೆರಳು. ಮುಗಿಯಿತೆಂದರೆ ಮುಗಿಯಿತು, ಅಂಗೈ ಮಗುಚಿದಳು. ಮತ್ತೆ ಹೊಸದಿಲ್ಲ. ಇಪ್ಪತ್ತೆಂಟು, ದಿನ ಎಂದು ಕೈಯನ್ನು ಎಡ ಭುಜದಿಂದ ಬಲ ಭುಜಕ್ಕೆ ದಾಟಿಸಿದಳು.

ಇಷ್ಟು ದಿನ ಆ ಕೈಯನ್ನು ತಿದ್ದದೆ ಒಪ್ಪಿಕೊಂಡು ಬಂದಿದ್ದ ಇಸ್ತ್ರಿ ಅಣ್ಣನ ಹುಬ್ಬು ಈ ಸಲ ಗಂಟಿಕ್ಕಿತು. ಅವನು ತಲೆ ಅಲ್ಲಾಡಿಸಿದ. ಆಕೆ ಮತ್ತೆ ದಾಟಿಸಿದಳು. ಮತ್ತೆ ತಲೆ ಅಲ್ಲಾಡಿಸಿದ. ಅವನು ಕೌಂಟರಿನಾಚೆಗೆ ಬಾಗಿ ಆಕೆಯ ಮಣಿಕಟ್ಟನ್ನು ಹಿಡಿದ. ಅಕ್ಕ ತಮ್ಮ ಹುಟ್ಟಿದ ಮನೆಯ ಬಾಗಿಲಲ್ಲಿ ನಿಂತರೆ ಸೂರ್ಯ ಹುಟ್ಟುತ್ತಿದ್ದದ್ದು ಬಲಗಡೆಯಂತೆ. ಅವನು ಆಕೆಯ ಕೈಯನ್ನು ಬಲ ಭುಜಕ್ಕೆ ಒಯ್ದು, ಅಲ್ಲಿಂದ ಎತ್ತರದಲ್ಲಿ ನಿಧಾನವಾಗಿ ಎಡಕ್ಕೆ ಇಳಿಸಿದ. ಆಕೆ ಒಂದು ಸಲ ಮಾಡಿದಳು. ಸಾಲದು ಎಂದ. ಇನ್ನೊಂದು ಸಲ ಮಾಡಿದಳು.

ಹಿಂದೆ ನಿಂತಿದ್ದ ಗಿರಾಕಿ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದ. ಷರತ್ತಮ್ಮ ತಿರುಗಿಯೂ ನೋಡಲಿಲ್ಲ, ಮೂರನೆಯ ಸಲ ಕೈ ಎತ್ತಿದಳು.